ಗೋಡೆಗೆ ತೂಗುಹಾಕಿದ ಸ್ಲೈಡಿಂಗ್ ಬಾಗಿಲು: ತುಮಕೂರಿನ ನಮ್ಮ ಮನೆಯಲ್ಲಿ ಮೂರು ವರ್ಷ ಆದಮೇಲೆ

ಅತ್ತೆಗೆ ಮಂಡಿ ಆಪರೇಷನ್ ಆಗಿ ವಾಕರ್ ಹಿಡಿದು ಓಡಾಡೋ ಹಾಗಾದಾಗ ಅವರ ರೂಮಿನ ಬಾಗಿಲೇ ದೊಡ್ಡ ತಲೆನೋವಾಯಿತು. ರೂಮು ಚಿಕ್ಕದು. ಬಾಗಿಲು ಒಳಕ್ಕೆ ತೆರೆದರೆ ಮಂಚಕ್ಕೆ ತಾಗುತ್ತಿತ್ತು. ವಾಕರ್ ಒಂದು ಕೈಯಲ್ಲಿ, ಬಾಗಿಲು ಇನ್ನೊಂದು ಕೈಯಲ್ಲಿ ಹಿಡಿದು ಹಿಂದೆ ಸರಿಯೋದು ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಹಳೇ ಚೌಕಟ್ಟು, ಹೊಸ್ತಿಲು ಎಲ್ಲ ಕಿತ್ತು, ಅಂಚಿಗೆ ಗಾರೆ ಮಾಡಿಸಿ, ಹಾಲ್ ಕಡೆಯ ಗೋಡೆಯ ಮೇಲೆ ಕಬ್ಬಿಣದ ಪಟ್ಟಿ ಹೊಡೆದು, ಅದರ ಮೇಲೆ ಗಾಲಿಯಲ್ಲಿ ಓಡೋ ಬಾಗಿಲು ಹಾಕಿಸಿದೆವು. ಆನ್‌ಲೈನ್‌ನಲ್ಲಿ ‘ಬಾರ್ನ್ ಡೋರ್ ಕಿಟ್’ ಅಂತ ಸಿಗುತ್ತದಲ್ಲ, ಅದೇ. ಎರಡು ಮೀಟರ್ ಪಟ್ಟಿ, ಗಾಲಿ ಇರೋ ಎರಡು ಹ್ಯಾಂಗರ್, ಪಟ್ಟಿಯನ್ನು ಗೋಡೆಯಿಂದ ದೂರ ಹಿಡಿಯೋ ಐದು ಸ್ಪೇಸರ್, ಎರಡು ಸ್ಟಾಪರ್, ಕೆಳಗಿಡೋ ಒಂದು ಫ್ಲೋರ್ ಗೈಡ್.

ಮೊದಲೇ ಹೇಳಿಬಿಡುತ್ತೇನೆ, ಪಟ್ಟಿ ಮತ್ತು ಗಾಲಿಗಳಿಗೆ ಮೂರು ವರ್ಷದಲ್ಲಿ ಏನೂ ಆಗಿಲ್ಲ. ತೊಂದರೆ ಕೊಟ್ಟಿದ್ದು ಅದರ ಹಿಂದಿನ ಗೋಡೆ. ಕಿಟ್ ಕೊಳ್ಳುವವರು ಬಣ್ಣ, ಗಾಲಿ, ಹಿಡಿ ಎಲ್ಲ ನೋಡುತ್ತಾರೆ, ಗೋಡೆಯನ್ನು ಯಾರೂ ನೋಡೋದಿಲ್ಲ. ನಾವೂ ನೋಡಲಿಲ್ಲ.

ಅಳತೆ ಹೇಳುತ್ತೇನೆ. ನಮ್ಮ ತೆರವು 36 ಇಂಚು. ಬಾಗಿಲು ಗೋಡೆಯ ಮೇಲೆ ಓಡುವುದರಿಂದ ಎರಡೂ ಕಡೆ ಒಂದೂವರೆ ಇಂಚು ಮುಚ್ಚಬೇಕೆಂದು 39 ಇಂಚಿನ ಫ್ಲಶ್ ಡೋರ್ ತಂದೆವು. ಪಟ್ಟಿ ಬಾಗಿಲಿನ ಅಗಲದ ಎರಡರಷ್ಟಿರಬೇಕು ಅನ್ನೋ ಲೆಕ್ಕಕ್ಕೆ ಎರಡು ಮೀಟರ್ ಸರಿಹೋಯಿತು. ಬಾಗಿಲು ಸುಮಾರು 45 ಕಿಲೋ. ಪೆಟ್ಟಿಗೆಯ ಮೇಲೆ 100 ಕಿಲೋ ತಡೆಯುತ್ತದೆ ಅಂತ ಬರೆದಿತ್ತು, ಸಮಾಧಾನವಾಯಿತು. ಆ 100 ಕಿಲೋ ಪಟ್ಟಿ ಮತ್ತು ಗಾಲಿಯ ಮಾತು, ನಮ್ಮ ಗೋಡೆಯದ್ದಲ್ಲ ಅಂತ ಆಗ ಹೊಳೆಯಲಿಲ್ಲ.

ಪೆಟ್ಟಿಗೆಯಲ್ಲಿ ಬಂದ ಬೋಲ್ಟುಗಳು ಮರದ ಕಂಬದ ಗೋಡೆಗೆ ಮಾಡಿದ ದಪ್ಪ ಸ್ಕ್ರೂಗಳು. ಜೊತೆಗೆ ತೂತಿಗೆ ತುರುಕೋ ಪ್ಲಾಸ್ಟಿಕ್ ಪ್ಲಗ್‌ಗಳನ್ನೂ ಹಾಕಿದ್ದರು. ನಮ್ಮ ಆಚಾರ್ರು ಅವನ್ನು ಒಂದು ಸಲ ನೋಡಿ, "ಇದು ನಮ್ ಗೋಡೆಗಲ್ಲ ಕಣಮ್ಮ" ಅಂದು ಪಕ್ಕಕ್ಕಿಟ್ಟು ಮಂಡಿಪೇಟೆಯಿಂದ ಆಂಕರ್ ಬೋಲ್ಟ್ ತರಿಸಿದರು. ಅಲ್ಲಿಗೆ ಸರಿಯಾಗೇ ಇತ್ತು. ರಸಮಟ್ಟ ಇಟ್ಟು ಗೆರೆ ಎಳೆದು ಐದು ತೂತು ಕೊರೆದರು. ಮೊದಲ ಮೂರು ತೂತಿಗೆ ಡ್ರಿಲ್ ಅತ್ತು ಅತ್ತು ಹೋಯಿತು, ಒಂದರಲ್ಲಂತೂ ಸರಳು ತಾಗಿ ತೂತನ್ನು ಸ್ವಲ್ಪ ಸರಿಸಬೇಕಾಯಿತು. ಕೊನೆಯ ಎರಡಕ್ಕೆ ಬಿಟ್ ಬೆಣ್ಣೆಗೆ ಹೋದ ಹಾಗೆ ಹೋಗಿ, ಎರಡು ಇಂಚಾದ ಮೇಲೆ ದಡ್ ಅಂತ ಒಳಕ್ಕೆ ನುಗ್ಗಿತು. ಬೇಗ ಮುಗೀತಲ್ಲ ಅಂತ ನಾವು ಖುಷಿಪಟ್ಟೆವು. ಖುಷಿಪಡೋ ವಿಷಯ ಅದಾಗಿರಲಿಲ್ಲ.

ಯಾಕೆ ಅಂದರೆ, ತೆರವಿನ ಮೇಲೆ ಇರೋದು ಲಿಂಟಲ್, ಕಾಂಕ್ರೀಟು. ನಮ್ಮ ಮನೆಯ ಒಳಗೋಡೆಗಳಲ್ಲಿ ಲಿಂಟಲ್ ಸುತ್ತ ಓಡಿಲ್ಲ. ತೆರವಿನ ಎರಡೂ ಪಕ್ಕ ಆರಾರು ಇಂಚು ಕೂತು ನಿಂತುಬಿಟ್ಟಿದೆ. ಪಟ್ಟಿಯ ಮೊದಲ ಅರ್ಧ ಆ ಲಿಂಟಲ್ ಮೇಲಿದೆ. ಉಳಿದರ್ಧ ಬರಿ ಆರಿಂಚಿನ ಹಾಲೋ ಬ್ಲಾಕ್ ಗೋಡೆಯ ಮೇಲೆ. ಈಗ ಬಾಗಿಲು ದಿನದ ಹೆಚ್ಚು ಹೊತ್ತು ಎಲ್ಲಿರುತ್ತದೆ ಯೋಚಿಸಿ. ಅತ್ತೆಯ ರೂಮು, ಹಗಲೆಲ್ಲ ತೆರೆದೇ ಇರುತ್ತದೆ. ಅಂದರೆ 45 ಕಿಲೋ ಪೂರ್ತಿ ತೂಗಿಕೊಂಡಿರೋದು ಬ್ಲಾಕಿನ ಕಡೆಯ ಅರ್ಧದ ಮೇಲೆ. ಟೊಳ್ಳಿನೊಳಗೆ ಹೋದ ಆಂಕರ್‌ಗೆ ಅರಳಿ ಹಿಡಿಯೋಕೆ ಸುತ್ತ ಏನೂ ಇಲ್ಲ, ಮುಂದಿನ ತೆಳು ಗೋಡೆಯನ್ನಷ್ಟೇ ಕಚ್ಚಿಕೊಂಡಿರುತ್ತದೆ.

ಇನ್ನೊಂದು ವಿಷಯ ಇದೆ. ಬಾಗಿಲು ಗೋಡೆಗೆ ಅಂಟಿಕೊಂಡು ತೂಗೋದಿಲ್ಲ. ಸ್ಪೇಸರ್, ಪಟ್ಟಿ ಎಲ್ಲ ಸೇರಿ ಭಾರ ಗೋಡೆಯಿಂದ ಸುಮಾರು ಒಂದೂವರೆ ಇಂಚು ಮುಂದೆ ಇರುತ್ತದೆ. ಕೊಡವನ್ನು ಮೈಗೆ ಒತ್ತಿ ಹಿಡಿಯೋದಕ್ಕೂ ಕೈ ಮುಂದೆ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದು. ಬೋಲ್ಟನ್ನು ಕೆಳಕ್ಕೆ ಎಳೆಯೋದಷ್ಟೇ ಅಲ್ಲ, ಹೊರಕ್ಕೂ ಕೀಳುತ್ತಿರುತ್ತದೆ. ಸ್ಪೇಸರ್ ಅಡಿ ಒಂದು ರೂಪಾಯಿ ನಾಣ್ಯದಷ್ಟೇ ಅಗಲ, ಅದರ ಕೆಳಅಂಚು ಗಾರೆಯನ್ನು ಒತ್ತಿ ಒತ್ತಿ ಪುಡಿ ಮಾಡುತ್ತದೆ. ಗಾರೆ ಒಂದು ಮಿಲಿಮೀಟರ್ ಕುಸಿದರೂ ಬೋಲ್ಟ್ ಸಡಿಲ.

ಏಳನೇ ತಿಂಗಳಲ್ಲಿ ಗೊತ್ತಾಯಿತು. ಅದಕ್ಕೂ ಮೊದಲೇ ಬಾಗಿಲು ಹೇಳುತ್ತಿತ್ತು, ನಮಗೆ ಕೇಳಿಸಲಿಲ್ಲ ಅಷ್ಟೆ. ಅರ್ಧಕ್ಕೆ ಬಿಟ್ಟರೆ ತಾನಾಗೇ ತೆರೆಯೋ ಕಡೆಗೆ ಉರುಳಿಕೊಂಡು ಹೋಗುತ್ತಿತ್ತು. ಕೆಳಗೆ ಗೈಡ್ ಹತ್ತಿರ ಕರ್ ಅನ್ನೋ ಸದ್ದು. ಒಂದು ದಿನ ಧೂಳು ಒರೆಸೋಕೆ ಸ್ಟೂಲ್ ಹತ್ತಿದಾಗ ಐದನೇ ಸ್ಪೇಸರ್ ಕೆಳಗೆ ಎಳೇ ಚಂದ್ರನ ಆಕಾರದ ಬಿರುಕು ಕಂಡಿತು. ಸ್ಕೇಲ್ ತಂದು ಗೋಡೆಗೂ ಪಟ್ಟಿಗೂ ನಡುವಿನ ಅಂತರ ಅಳೆದೆ. ಲಿಂಟಲ್ ಕಡೆ 32 ಮಿಲಿಮೀಟರ್, ಕೊನೆಯ ಬೋಲ್ಟಿನ ಹತ್ತಿರ 36. ನಾಲ್ಕು ಮಿಲಿಮೀಟರ್ ಅಂದರೆ ಏನು ಮಹಾ ಅಂತ ನಮ್ಮನೆಯವರು ಅಂದರು. ಆ ಬಾಗಿಲ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡೋದು ವಾಕರ್ ಹಿಡಿದ ಅವರಮ್ಮ. ಅವತ್ತೇ ಬಾಗಿಲು ಇಳಿಸಿ ಗೋಡೆಗೆ ಒರಗಿಸಿಟ್ಟೆವು.

ರಿಪೇರಿ ಹೀಗೆ ಮಾಡಿದೆವು. ಪಟ್ಟಿಯ ಹಿಂದೆ ಪಟ್ಟಿಗಿಂತ ಸ್ವಲ್ಪ ಉದ್ದದ, ಐದು ಇಂಚು ಅಗಲ, ಒಂದು ಇಂಚು ದಪ್ಪದ ಸಾಗುವಾನಿ ಹಲಗೆ. ಸ್ಪೇಸರ್ ಈಗ ಗಾರೆಯನ್ನು ಒತ್ತುವುದಿಲ್ಲ, ಹಲಗೆಯನ್ನು ಒತ್ತುತ್ತದೆ; ಹಲಗೆ ಆ ಒತ್ತಡವನ್ನು ಗೋಡೆಯ ಮೇಲೆ ಹಂಚುತ್ತದೆ. ಲಿಂಟಲ್ ಮೇಲಿನ ಮೂರು ತೂತಿಗೆ ಹಲಗೆ ದಾಟಿ ಕಾಂಕ್ರೀಟಿಗೆ ಹೋಗುವಷ್ಟು ಉದ್ದದ ಆಂಕರ್. ಬ್ಲಾಕಿನ ಎರಡು ತೂತಿನಲ್ಲಿ ಮಾತ್ರ ಆಂಕರನ್ನೇ ಬಿಟ್ಟುಬಿಟ್ಟೆವು. ಗೋಡೆಯನ್ನು ಆರ್‌ಪಾರ್ ಕೊರೆದು, ಉದ್ದಕ್ಕೂ ಥ್ರೆಡ್ ಇರೋ 10 ಎಂಎಂ ರಾಡ್ ತೂರಿಸಿ, ರೂಮಿನ ಒಳಬದಿ ಅಂಗೈ ಅಗಲದ ಕಬ್ಬಿಣದ ಪ್ಲೇಟ್ ಇಟ್ಟು ನಟ್ ಬಿಗಿದರು. ಅಂದರೆ ಗೋಡೆಯೇ ಹಲಗೆಗೂ ಪ್ಲೇಟಿಗೂ ನಡುವೆ ಸಿಕ್ಕಿಕೊಂಡಿದೆ. ಹಾಲೋ ಬ್ಲಾಕ್ ಆದ್ದರಿಂದ ಶಕ್ತಿಯೆಲ್ಲ ಬಿಟ್ಟು ಬಿಗಿಯಬಾರದು, ಒಳಗೆ ಚಿಪ್ಪು ಒಡೆಯುತ್ತದೆ. ಪ್ಲೇಟಿಗೆ ಗೋಡೆಯ ಬಣ್ಣವನ್ನೇ ಬಳಿದಿದ್ದೇವೆ. ಅತ್ತೆ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿಕೊಂಡಿದ್ದಾರೆ.

ಹಲಗೆ ಬಂದಿದ್ದರಿಂದ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ಬಾಗಿಲು ಒಂದು ಇಂಚು ಮುಂದೆ ಬಂತು, ಆದರೆ ಫ್ಲೋರ್ ಗೈಡ್ ಹಳೇ ಜಾಗದಲ್ಲೇ ಇದೆ. ಗೈಡ್ ಅಂದರೆ ಟೈಲ್ಸ್‌ಗೆ ಸ್ಕ್ರೂ ಹಾಕಿದ ತಲೆಕೆಳಗಾದ ಟಿ ಆಕಾರದ ಚಿಕ್ಕ ಕಬ್ಬಿಣ. ಬಾಗಿಲಿನ ಅಡಿಯಲ್ಲಿ ತೋಡಿದ ಗ್ರೂವಿನೊಳಗೆ ಅದರ ನಾಲಿಗೆ ಕೂತಿರುತ್ತದೆ. ಇದು ಭಾರ ಹೊರೋದಿಲ್ಲ. ಬಾಗಿಲ ಅಡಿ ಉಯ್ಯಾಲೆಯ ಹಾಗೆ ತೂಗಾಡದಂತೆ ಹಿಡಿಯುತ್ತದೆ. ತೆರೆದಾಗಲೂ ಮುಚ್ಚಿದಾಗಲೂ ಬಾಗಿಲು ಅದರ ಮೇಲೇ ಇರಬೇಕು, ಹಾಗಾಗಿ ಅದರ ಜಾಗ ಒಂದೇ: ಬಾಗಿಲು ಸರಿಯೋ ಕಡೆಯ ತೆರವಿನ ಅಂಚು. ಗೈಡನ್ನು ಮುಂದಕ್ಕೆ ಸರಿಸೋಕೆ ಟೈಲ್ಸ್‌ನಲ್ಲಿ ಹೊಸ ತೂತು ಕೊರೆಯುವಾಗ ಆಚಾರ್ರು ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ, ಟೈಲ್ಸ್ ಬಿಟ್‌ನಲ್ಲಿ ನೀರು ಬಿಡುತ್ತಾ ನಿಧಾನ ಕೊರೆದರು, ಬಿರುಕು ಬರಲಿಲ್ಲ. ಹಳೇ ತೂತುಗಳಿಗೆ ವೈಟ್ ಸಿಮೆಂಟ್ ತುಂಬಿದ್ದೇವೆ. ಬಂದವರೆಲ್ಲ ಮೊದಲು ನೋಡೋದು ಅದನ್ನೇ.

ಗ್ರೂವಿನದ್ದೂ ಒಂದು ಪಾಠವಾಯಿತು. ಬಾಗಿಲ ಮುಖಕ್ಕೆಲ್ಲ ಪಾಲಿಶ್ ಹೊಡೆದವರು ಅಡಿಗೂ ಗ್ರೂವಿಗೂ ಹೊಡೆದಿರಲಿಲ್ಲ. ನೆಲ ಒರೆಸೋ ನೀರು ಕುಡಿದು ಮೊದಲ ಮಳೆಗಾಲದಲ್ಲೇ ಅದು ಊದಿಕೊಂಡು ಗೈಡನ್ನು ಹಿಡಿದುಬಿಟ್ಟಿತು. ಎರಡನೇ ಸಲ ಬಾಗಿಲು ಇಳಿದಾಗ ಉಜ್ಜಿಸಿ, ಒಣಗಿಸಿ, ಎರಡು ಕೋಟ್ ವಾರ್ನಿಶ್ ಹೊಡೆಸಿ, ಮೇಣದ ಬತ್ತಿ ತಿಕ್ಕಿಸಿದೆ. ಆಮೇಲೆ ಆ ತಕರಾರಿಲ್ಲ. ಗಾಲಿಗೂ ಪಟ್ಟಿಗೂ ಎಣ್ಣೆ ಮಾತ್ರ ಹಾಕಬೇಡಿ. ನಮ್ಮ ರಸ್ತೆಯ ಧೂಳಿಗೆ ಎಣ್ಣೆ ಸೇರಿದರೆ ಕಪ್ಪು ಅಂಟು ಆಗುತ್ತದೆ, ಒಣಬಟ್ಟೆ ಸಾಕು.

ಸ್ಟಾಪರ್ ಬಗ್ಗೆ ಯಾರೂ ಬರೆಯೋದಿಲ್ಲ. ಪಟ್ಟಿಯ ಎರಡೂ ತುದಿಯಲ್ಲಿ ಕಚ್ಚಿ ಕೂತ ಚಿಕ್ಕ ತುಂಡು ಅದು, ಒಂದು ಅಲೆನ್ ಸ್ಕ್ರೂ ಬಲದಲ್ಲಿ ನಿಂತಿರುತ್ತದೆ. ಮೊಮ್ಮಕ್ಕಳು ಬಾಗಿಲನ್ನು ರೈಲು ಮಾಡಿಕೊಂಡು ಎಳೆದಾಡಿದ ಪ್ರತಿ ಸಲ ಗಾಲಿ ಬಂದು ಗುದ್ದುತ್ತದೆ, ಪ್ರತಿ ಗುದ್ದಿಗೆ ಅದು ಕೂದಲೆಳೆಯಷ್ಟು ಸರಿಯುತ್ತದೆ. ಕಣ್ಣಿಗೆ ಕಾಣೋದಿಲ್ಲ. ಅದಕ್ಕೆ ಸ್ಟಾಪರ್ ಮೇಲಿಂದ ಪಟ್ಟಿಯ ಮೇಲಕ್ಕೆ ಸೀದಾ ಒಂದು ಬಿಳಿ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ಗೆರೆ ತುಂಡಾಗಿ ಕಂಡರೆ ಸರಿದಿದೆ ಅಂತ ಅರ್ಥ. ಮೂರು ವರ್ಷದಲ್ಲಿ ಎರಡು ಸಲ ತುಂಡಾಗಿತ್ತು, ಅಲೆನ್ ಕೀಲಿ ತಿರುಗಿಸಿ ಸರಿಮಾಡಿದೆ. ಬಾಗಿಲ ತಲೆಯ ಮೇಲೆ ಹಾಕೋ ಎರಡು ದುಂಡು ಬಿಲ್ಲೆಗಳನ್ನೂ ಕೆಲವರು ಅಲಂಕಾರ ಅಂತ ಬಿಟ್ಟುಬಿಡುತ್ತಾರಂತೆ. ಬಾಗಿಲನ್ನು ಯಾರಾದರೂ ಕೆಳಗಿಂದ ಎತ್ತಿದರೆ ಗಾಲಿ ಪಟ್ಟಿಯಿಂದ ಹಾರದಂತೆ ತಡೆಯೋದು ಅವೇ. ಬಾಗಿಲು ತೂಗುಹಾಕಿದ ಮೇಲೆ ಕೊನೆಗೆ ಅವನ್ನು ಹಾಕಬೇಕು, ಪಟ್ಟಿಯ ಕೆಳಗೆ ಎರಡು ಮೂರು ಮಿಲಿಮೀಟರ್ ಬಿಟ್ಟು.

ಇದು ಎಲ್ಲ ರೂಮಿಗೂ ಆಗೋ ಬಾಗಿಲಲ್ಲ. ಗೋಡೆಗೂ ಬಾಗಿಲಿಗೂ ನಡುವೆ ಬೆರಳು ತೂರುವಷ್ಟು ಸಂದು ಇದ್ದೇ ಇರುತ್ತದೆ. ಹಾಲಿನ ಟಿವಿ ಸದ್ದು, ಒಗ್ಗರಣೆ ಘಾಟು, ಸಂಜೆಯ ಸೊಳ್ಳೆ ಎಲ್ಲ ಒಳಗೆ ಹೋಗುತ್ತವೆ. ಬಚ್ಚಲಿಗೆ ನಾನಂತೂ ಹಾಕಿಸೋದಿಲ್ಲ. ಬಾಗಿಲು ಸರಿದು ನಿಲ್ಲೋ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದೆಯಾ ನೋಡಿ. ನಮ್ಮದರಲ್ಲಿತ್ತು. ಹಾಲ್ ಫ್ಯಾನಿನ ಸ್ವಿಚ್ಚು ಹಾಕಬೇಕಾದರೆ ಅತ್ತೆಯ ರೂಮಿನ ಬಾಗಿಲು ಮುಚ್ಚಬೇಕಾಗಿತ್ತು, ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಬೋರ್ಡು ಸರಿಸಿದೆವು.

ಕಿಟ್‌ಗೆ ಕೊಟ್ಟ ದುಡ್ಡಿನಷ್ಟೇ ರಿಪೇರಿಗೂ ಹೋಯಿತು. ಆದರೂ ಎರಡೂಕಾಲು ವರ್ಷದಿಂದ ಅತ್ತೆ ವಾಕರ್ ಬಿಡದೆ ಒಂದೇ ಕೈಯಲ್ಲಿ ಬಾಗಿಲು ಸರಿಸುತ್ತಿದ್ದಾರೆ. ಹೋದ ವಾರ ಮತ್ತೆ ಸ್ಕೇಲ್ ಇಟ್ಟು ನೋಡಿದೆ, ಹಲಗೆಯಿಂದ ಪಟ್ಟಿಗೆ ಐದೂ ಕಡೆ 32. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಪೆಟ್ಟಿಗೆಯಲ್ಲಿ ಬಂದ ಆ ಸ್ಕ್ರೂಗಳಿಗೆ. ಅವು ಇನ್ನೂ ಹಾಗೇ ಕವರಿನಲ್ಲಿವೆ, ಬೇಕಾದವರು ತಗೊಂಡು ಹೋಗಬಹುದು.