ಎರಡು ಮುಖ, ಎರಡು ಬೆಳಕು: ಫೋಟೋಶಾಪ್ ಕರ್ವ್ಸ್ ಐದು ವರ್ಷ ಬಳಸಿದ ಮೇಲೆ

ಫೋಟೋಶಾಪ್‌ನಲ್ಲಿ ಬಣ್ಣ ಬೆಳಕು ಏರಿಳಿಸೋ ಕರ್ವ್ಸ್, ಮತ್ತೆ ಬಣ್ಣ ಒಂದು ಲೇಯರ್, ಚರ್ಮದ ಸಣ್ಣ ವಿವರ ಇನ್ನೊಂದು ಲೇಯರ್ ಅಂತ ಬೇರ್ಪಡಿಸೋ ಫ್ರೀಕ್ವೆನ್ಸಿ ಸೆಪರೇಷನ್, ಎರಡನ್ನೂ ಸೇರಿಸಿ ಐದು ವರ್ಷದಿಂದ ಬಳಸ್ತಾ ಇದೀನಿ, ಮುಖ್ಯವಾಗಿ ಒಂದೇ ಫೋಟೋದಲ್ಲಿ ಇಬ್ಬರ ಮುಖ ಬೇರೆ ಬೇರೆ ಬಣ್ಣಕ್ಕೆ ತಿರುಗಿದಾಗ. ಬೇರೆ ಯಾವ ದಾರೀಲೂ ಇಷ್ಟು ಹಿಡಿತ ನಂಗೆ ಸಿಕ್ಕಿಲ್ಲ. ಆದ್ರೆ ಇದನ್ನ ಸರಿಯಾಗಿ ಬಳಸೋಕೆ ನಂಗೆ ಎರಡು ವರ್ಷ ಬೇಕಾಯ್ತು, ಯಾಕಂದ್ರೆ ನಾನು ಶುರುವಿನಲ್ಲಿ ಒಂದು ಮುಖದ ಕೆಂಪು, ಹಸಿರು, ನೀಲಿ ನಂಬರ್ ತಗೊಂಡು ಇನ್ನೊಂದು ಮುಖಕ್ಕೆ ಹಾಕ್ತಿದ್ದೆ.

ಅದು ತಪ್ಪು ಅಂತ ಗೊತ್ತಾಗಿದ್ದು ಅಕ್ಕ ತಂಗಿ ಇಬ್ಬರ ಒಂದು ಫೋಟೋದಲ್ಲಿ. ತಂಗಿ ಕಿಟಕಿ ಪಕ್ಕ ಕೂತಿದ್ರು, ಅಕ್ಕನ ಮೇಲೆ ಹಳದಿ ಬಲ್ಬ್ ಬೆಳಕು. ನಾನು ಇಬ್ಬರ ಕೆನ್ನೆ ಅಳೆದು ಎರಡನ್ನೂ ಒಂದೇ ಮಾಡಿ ಕಳಿಸಿದೆ. ಅಕ್ಕ ನೋಡಿ "ಇದು ನನ್ನ ಬಣ್ಣ ಅಲ್ಲ" ಅಂದ್ರು. ಅವರು ಹುಟ್ಟಿನಿಂದ್ಲೇ ತಂಗಿಗಿಂತ ಕಪ್ಪು, ನಾನು ಬಲ್ಬಿನ ಬಣ್ಣದ ಜೊತೆ ಅವರ ಬಣ್ಣಾನೂ ಅಳಿಸಿಬಿಟ್ಟಿದ್ದೆ. ತುಂಬಾ ಬೇಜಾರಾಯ್ತು. ಅವತ್ತಿಂದ ಕೆನ್ನೆ ಅಳೆಯಲ್ಲ, ಕಣ್ಣಿನ ಬಿಳಿಭಾಗ ಅಳೀತೀನಿ. ಅದು ಇಬ್ಬರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಹಾಗಾಗಿ ಅಲ್ಲಿ ಕಾಣೋ ವ್ಯತ್ಯಾಸ ಬಹುಪಾಲು ಬೆಳಕಿಂದು. ಕಣ್ಣು ಕೆಂಪಾಗಿದ್ರೆ ಮಾತ್ರ ನಂಬಬೇಡಿ, ಬಟ್ಟೆಯ ಬಿಳಿ ಕಾಲರ್ ಏನಾದ್ರೂ ಇದ್ರೆ ಅದನ್ನ ತಗೊಳ್ಳಿ.

ಅದೇ ಫೋಟೋನ ಮತ್ತೆ ಮಾಡಿದ್ದು ಹೀಗೆ. ತಂಗಿ ಕಣ್ಣಲ್ಲಿ ಕೆಂಪು 190, ಹಸಿರು 184, ನೀಲಿ 186 ಇತ್ತು. ಅಕ್ಕನ ಕಣ್ಣಲ್ಲಿ 196, 170, 131. ಅಂದ್ರೆ ಹಸಿರನ್ನ ಹಾಗೇ ಬಿಟ್ಟು ಕೆಂಪನ್ನ 176ಕ್ಕೆ ಇಳಿಸಿ ನೀಲೀನ 172ಕ್ಕೆ ಏರಿಸಿದ್ರೆ ಬಿಳಿ ಸರಿ ಹೋಗುತ್ತೆ. ಕೆಂಪು ಚಾನೆಲ್‌ನಲ್ಲಿ 196ರ ಹತ್ರ ಒಂದು ಪಾಯಿಂಟ್, ನೀಲೀಲಿ 131ರ ಹತ್ರ ಒಂದು. ಕಣ್ಣು ಸರಿಯಾಯ್ತು, ಆದ್ರೆ ಕೆನ್ನೆ ಬೂದಿ ಬಳಿದ ಹಾಗೆ ಕಂಡ್ತು! ಕರ್ವ್ ನೇರ ಗೆರೆ ಅಲ್ವಲ್ಲ, ನೀಲಿ ಕರ್ವ್ ಕೆಳಗಡೆ ಉಬ್ಬಿಕೊಂಡು ಕೆನ್ನೆಯ 76 ಹೋಗಿ 108 ಆಗಿತ್ತು. ಅಲ್ಲಿ ಇನ್ನೊಂದು ಪಾಯಿಂಟ್ ಇಟ್ಟು 92ಕ್ಕೆ ಇಳಿಸಿದೆ, ಕೆಂಪು ಕರ್ವ್‌ನಲ್ಲೂ 168ರ ಹತ್ರ ಒಂದು ಇಟ್ಟು 151ಕ್ಕೆ ತಂದೆ, ಆಗ ಅಕ್ಕನ ನಿಜವಾದ ಬಣ್ಣ ಮುಖಕ್ಕೆ ವಾಪಸ್ ಬಂತು. ನಂಬರ್ ಎಲ್ಲಾ ನೋಡಿ ಮುಗಿಸಿದ ಮೇಲೆ ಕರ್ವ್ಸ್ ಲೇಯರನ್ನ Color ಮೋಡ್‌ಗೆ ಹಾಕ್ತೀನಿ, ಮುಖದ ಬೆಳಕು ನೆರಳು ಅಲುಗಾಡಲ್ಲ.

ಇನ್ನು ಫ್ರೀಕ್ವೆನ್ಸಿ ಸೆಪರೇಷನ್ ಯಾಕೆ ಅಂದ್ರೆ, ಬಲ್ಬ್ ಬೆಳಕಲ್ಲಿ ನೀಲಿ ಚಾನೆಲ್‌ಗೆ ಬೆಳಕೇ ಕಮ್ಮಿ ಬಿದ್ದಿರುತ್ತೆ, ಅದರಲ್ಲಿ ನಾಯ್ಸ್ ಜಾಸ್ತಿ, ಅದನ್ನ ಎಳೆದು ಏರಿಸಿದ್ರೆ ಚರ್ಮದ ಮೇಲೆ ಸಣ್ಣ ಸಣ್ಣ ಬಣ್ಣದ ಚುಕ್ಕೆ ಎದ್ದು ಕಾಣುತ್ತೆ. ಅದಕ್ಕೆ ಫೋಟೋದ ಎರಡು ಕಾಪಿ ಮಾಡಿ ಕೆಳಗಿಂದನ್ನ ಬ್ಲರ್ ಮಾಡ್ತೀನಿ, ಮೇಲಿನದಕ್ಕೆ Apply Image ತೆಗೆದು ಬ್ಲರ್ ಲೇಯರನ್ನ ಆರಿಸಿ Subtract, Scale 2, Offset 128 ಕೊಟ್ಟು ಲೇಯರನ್ನ Linear Light ಮಾಡ್ತೀನಿ. ಇದು 8 ಬಿಟ್ ಫೈಲ್‌ಗೆ. 16 ಬಿಟ್ ಆದ್ರೆ Add, Invert ಟಿಕ್, Scale 2, Offset 0. ಇಷ್ಟಾದ ಮೇಲೆ ಎರಡು ಲೇಯರನ್ನೂ ಆಫ್ ಆನ್ ಮಾಡಿ ನೋಡಿ, ಫೋಟೋ ಒಂಚೂರೂ ಬದಲಾಗಬಾರದು, ಬದಲಾದ್ರೆ ಎಲ್ಲೋ ತಪ್ಪಿದೀರ.

ಕರ್ವ್ಸನ್ನ ಬ್ಲರ್ ಲೇಯರ್‌ಗೆ ಮಾತ್ರ ಕ್ಲಿಪ್ ಮಾಡಬೇಕು. ಆಗ ಬಣ್ಣ ಬದಲಾಗುತ್ತೆ, ರಂಧ್ರ ರೋಮ ಎಲ್ಲಾ ಮೇಲಿನ ಲೇಯರ್‌ನಲ್ಲಿ ಇದ್ದಹಾಗೇ ಇರುತ್ತೆ. ಬ್ಲರ್ ಎಷ್ಟು ಅನ್ನೋದೇ ಕಷ್ಟದ ಕೆಲಸ. ಚರ್ಮದ ರಂಧ್ರ ಮಾಯ ಆಗಿ ಮೂಗಿನ ಆಕಾರ ಇನ್ನೂ ಗೊತ್ತಾಗೋ ಹಂತಕ್ಕೆ ನಿಲ್ಲಿಸ್ತೀನಿ, ಈ ಫೋಟೋದಲ್ಲಿ 6 ಪಿಕ್ಸೆಲ್. ಒಂದ್ಸಲ 20 ಇಟ್ಟು ನೋಡಿದೆ, ಕೆನ್ನೆಯ ಬಣ್ಣದ ಮಚ್ಚೆ ಎಲ್ಲಾ ಮೇಲಿನ ಲೇಯರ್‌ಗೆ ಹೋಗಿಬಿಟ್ಟು ಕರ್ವ್ ಅದನ್ನ ಮುಟ್ಟಲೇ ಇಲ್ಲ, ಮೇಲಾಗಿ ಕೂದಲಂಚಲ್ಲಿ ಬೇರೆ ಬಣ್ಣದ ಗೆರೆ ಬಂತು.

ಕರ್ವ್ಸ್ ಒಬ್ಬರ ಮೇಲೆ ಮಾತ್ರ ಕೆಲಸ ಮಾಡೋ ಹಾಗೆ ಮಾಸ್ಕ್ ಮಾಡುವಾಗ ಕಿವಿ, ಕತ್ತು, ಕೈ ಮರೀಬೇಡಿ. ಮುಖ ಸರಿಯಾಗಿ ಕೈ ಹಳದಿ ಉಳಿದ್ರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ.

ಆಗದ ಕೆಲಸಾನೂ ಇದೆ. ಹಣೆ ಮೇಲೆ ಕೆಂಪು 255ಕ್ಕೆ ಹೋಗಿ ಬಡಿದಿದ್ರೆ ಅಲ್ಲಿ ವಿವರಾನೇ ಇಲ್ಲ, ಕರ್ವ್ ಇಳಿಸಿದ್ರೆ ಚಪ್ಪಟೆ ತೇಪೆ ಕಾಣುತ್ತೆ. ಮತ್ತೆ ಒಂದೇ ಮುಖದ ಅರ್ಧಕ್ಕೆ ಬಲ್ಬ್, ಅರ್ಧಕ್ಕೆ ಕಿಟಕಿ ಬೆಳಕು ಬಿದ್ದಿದ್ರೆ ಒಂದು ಕರ್ವ್ ಸಾಲಲ್ಲ, ಬಲ್ಬ್ ಕಡೆಗೆ ಮಾತ್ರ ಮೆತ್ತನೆ ಬ್ರಷ್‌ನಲ್ಲಿ ಮಾಸ್ಕ್ ಬಿಡಿಸಬೇಕು, ಮೂಗಿನ ಗೆರೆ ಹತ್ರ ಅದಕ್ಕೇ ಅರ್ಧ ಗಂಟೆ ಹಿಡಿಯುತ್ತೆ. ಅಕ್ಕನ ಫೋಟೋ ಎರಡನೇ ಸಲ ಕಳಿಸಿದಾಗ ಅವರು ಬಣ್ಣದ ಬಗ್ಗೆ ಏನೂ ಹೇಳ್ಲಿಲ್ಲ, ದೊಡ್ಡ ಸೈಜಲ್ಲಿ ಪ್ರಿಂಟ್ ಹಾಕಿಸೋಕೆ ಫೈಲ್ ಕೇಳಿದ್ರು.