ಹತ್ತನೆಯವರು ಬಂದ ಮೇಲೆ: ಸರಾಸರಿಯೋ, ಮಧ್ಯಾಂಕವೋ

ಚಿಕ್ಕಮಗಳೂರಿನ ಕಡೂರು ರಸ್ತೆಯ ಬದಿಯಲ್ಲಿರುವ ಒಂದು ಸಣ್ಣ ಕಾಫಿಪುಡಿ ಘಟಕದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕಳೆದ ವರ್ಷದ ಜುಲೈವರೆಗೆ ನಾವು ಒಂಬತ್ತು ಜನ ಇದ್ದೆವು. ಬೀಜ ಆರಿಸುವ ಇಬ್ಬರಿಗೆ ತಿಂಗಳಿಗೆ 15,000 ರೂಪಾಯಿ. ಪ್ಯಾಕಿಂಗ್ ಮಾಡುವ ಇಬ್ಬರಲ್ಲಿ ಒಬ್ಬರಿಗೆ 15,500, ಇನ್ನೊಬ್ಬರಿಗೆ 16,000. ಗೋದಾಮು ನೋಡಿಕೊಳ್ಳುವವರಿಗೆ 17,000, ಪುಡಿ ಮಾಡುವ ಯಂತ್ರದವರಿಗೆ 19,000, ವ್ಯಾನ್ ಚಾಲಕರಿಗೆ 21,000, ನನಗೆ 25,000. ಎಲ್ಲರಿಗಿಂತ ಹೆಚ್ಚು ಪಡೆಯುತ್ತಿದ್ದವರು ಬೀಜ ಹುರಿಯುವ ಹಿರಿಯರು, 27,500. ಒಟ್ಟು 1,71,000. ಒಂಬತ್ತರಿಂದ ಭಾಗಿಸಿದರೆ ಸರಾಸರಿ 19,000. ಸಂಬಳದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ, ಐದನೆಯವರಾಗಿ, ಗೋದಾಮಿನವರು ಸಿಗುತ್ತಾರೆ. ಅವರ 17,000 ರೂಪಾಯಿಯೇ ಮಧ್ಯಾಂಕ.

ಆಗಸ್ಟ್ ಒಂದರಂದು ಬೆಂಗಳೂರಿನಿಂದ ಹತ್ತನೆಯವರು ಬಂದರು. ಹುರಿಯುವ ಹದ, ರುಚಿ ಪರೀಕ್ಷೆ, ಹೊರದೇಶದ ಖರೀದಿದಾರರ ಜೊತೆಗಿನ ವ್ಯವಹಾರ ಎಲ್ಲವೂ ಅವರ ಹೊಣೆ. ಸಂಬಳ 1,30,000. ಆ ಕೆಲಸ ಬಲ್ಲವರಿಗೆ ಅಷ್ಟು ಕೊಡಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಚಿಂತೆ ಅವರು ಬಂದ ಮೇಲೆ ನಾವು ಯಾವ ಅಂಕಿಯನ್ನು ಯಾವ ಮಾತಿಗೆ ಬಳಸಿದೆವು ಎಂಬುದರ ಬಗ್ಗೆ.

ಆಯುಧ ಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದಾದ ಮೇಲೆ ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡು ವರ್ಷದ ಲೆಕ್ಕ ಹೇಳುವುದು ನಮ್ಮಲ್ಲಿ ರೂಢಿ. ಅವರ ಕೈಯಲ್ಲಿದ್ದದ್ದು ನಾನೇ ಬರೆದುಕೊಟ್ಟ ಚೀಟಿ. "ಹೋದ ವರ್ಷ ನಮ್ಮಲ್ಲಿ ಸರಾಸರಿ ಸಂಬಳ 19,000 ಇತ್ತು. ಈಗ 30,100 ಆಗಿದೆ" ಎಂದು ಓದಿದರು. 3,01,000ವನ್ನು ಹತ್ತರಿಂದ ಭಾಗಿಸಿದರೆ 30,100. ಲೆಕ್ಕ ಸರಿಯಾಗಿಯೇ ಇತ್ತು. ಹುರಿಯುವ ಹಿರಿಯರು ಎದ್ದು ನಿಂತು ಕೇಳಿದರು: "ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ ಸರ್. ನನಗೆ ಸರಾಸರಿಯಷ್ಟೂ ಸಿಗುತ್ತಿಲ್ಲವೇ?"

ಅವರು ಕೇಳಿದ್ದು ಅಕ್ಷರಶಃ ನಿಜ. ಹಳೆಯ ಒಂಬತ್ತು ಜನರಲ್ಲಿ ಒಬ್ಬರೂ 30,100ರ ಹತ್ತಿರ ಇರಲಿಲ್ಲ. ಎಲ್ಲರಿಗಿಂತ ಮೇಲಿದ್ದ ಅವರೇ 2,600 ರೂಪಾಯಿ ಕೆಳಗಿದ್ದರು. ಹೊಸಬರಂತೂ ಅದಕ್ಕಿಂತ ಹೆಚ್ಚುಕಡಿಮೆ ಒಂದು ಲಕ್ಷ ಮೇಲೆ. ಆ ಅಂಕಿ ಯಾರ ಸಂಬಳವನ್ನೂ ಹೇಳುತ್ತಿರಲಿಲ್ಲ. ಅದನ್ನು ಬರೆದುಕೊಟ್ಟವನು ನಾನು ಎಂಬ ನೋವಿನಿಂದಲೇ ಅಂದಿನಿಂದ ಒಂದು ವರ್ಷ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯುತ್ತ ಬಂದೆ.

ಮೊದಲು ಮಧ್ಯಾಂಕವನ್ನು ನೋಡಿದೆ. ಹತ್ತು ಜನರಾದಾಗ ನಡುವೆ ಒಬ್ಬರಲ್ಲ, ಇಬ್ಬರು ನಿಲ್ಲುತ್ತಾರೆ. ಐದನೆಯವರ 17,000 ಮತ್ತು ಆರನೆಯವರ 19,000, ಇವೆರಡರ ನಡುವಿನ 18,000 ಮಧ್ಯಾಂಕ. ಸರಾಸರಿ 11,100 ರೂಪಾಯಿ ಹಾರಿದ ಕಡೆ ಮಧ್ಯಾಂಕ ಒಂದೇ ಸಾವಿರ ಸರಿಯಿತು. ಹೊಸಬರಿಗೆ 1,30,000ದ ಬದಲು ಮೂರು ಲಕ್ಷ ಕೊಟ್ಟಿದ್ದರೂ ಮಧ್ಯಾಂಕ 18,000ದಲ್ಲೇ ನಿಲ್ಲುತ್ತಿತ್ತು. ಸರಾಸರಿ ಮಾತ್ರ 47,100ಕ್ಕೆ ಏರುತ್ತಿತ್ತು. ಸಾಲಿನ ತುದಿಯಲ್ಲಿ ನಿಂತವರು ಎಷ್ಟು ದೂರ ನಿಂತಿದ್ದಾರೆ ಎಂಬುದನ್ನು ಮಧ್ಯಾಂಕ ಕೇಳುವುದೇ ಇಲ್ಲ, ಯಾವ ಕಡೆ ನಿಂತಿದ್ದಾರೆ ಎಂಬುದಷ್ಟೇ ಅದಕ್ಕೆ ಬೇಕು. ನಮ್ಮಲ್ಲಿ ಒಬ್ಬ ಸಾಮಾನ್ಯ ಕೆಲಸಗಾರ ಎಷ್ಟು ಪಡೆಯುತ್ತಾನೆ ಎಂದು ಯಾರಾದರೂ ಕೇಳಿದರೆ 18,000 ಎಂಬ ಉತ್ತರ ಯಾರಿಗೂ ಮೋಸ ಮಾಡುವುದಿಲ್ಲ.

ಆದರೆ ಆ ಒಂದು ಸಾವಿರವನ್ನೂ ಏರಿಕೆ ಎನ್ನುವಂತಿಲ್ಲ. ಒಂಬತ್ತು ಜನರಲ್ಲಿ ಯಾರ ಸಂಬಳಕ್ಕೂ ಒಂದು ರೂಪಾಯಿ ಸೇರಿರಲಿಲ್ಲ. ಸಾಲಿಗೆ ಒಬ್ಬರು ಹೆಚ್ಚಾದ್ದರಿಂದ ನಡು ಅರ್ಧ ಹೆಜ್ಜೆ ಜರುಗಿತ್ತು, ಅಷ್ಟೇ. ಮಾಲೀಕರು ಸರಾಸರಿಯ ಬದಲು ಮಧ್ಯಾಂಕವನ್ನು ಓದಿದ್ದರೂ ತಪ್ಪು ಚಿಕ್ಕದಾಗುತ್ತಿತ್ತೇ ಹೊರತು ಇಲ್ಲವಾಗುತ್ತಿರಲಿಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸುವುದಿದ್ದರೆ ಎರಡೂ ವರ್ಷ ಇದ್ದವರನ್ನು ಮಾತ್ರ ಹಿಡಿದು ಲೆಕ್ಕ ಹಾಕಬೇಕು. ಹಾಗೆ ಹಾಕಿದಾಗ ಸರಾಸರಿ 19,000, ಮಧ್ಯಾಂಕ 17,000, ಎರಡೂ ಇದ್ದಲ್ಲೇ ಇದ್ದವು.

ಪೂಜೆಯ ಮರುವಾರ ಇನ್ನೊಂದು ಸಂಗತಿ ನಡೆಯಿತು. ಆಲ್ದೂರಿನ ಬಸ್ಸಿನಲ್ಲಿ ಬರುವ ಪ್ಯಾಕಿಂಗ್ ಅಕ್ಕ ಊಟದ ಹೊತ್ತಿನಲ್ಲಿ ರಟ್ಟಿನ ಪೆಟ್ಟಿಗೆಯ ಮುಚ್ಚಳವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅದರ ಮೇಲೆ ಪೆಟ್ಟಿಗೆಗೆ ಗುರುತು ಹಾಕುವ ಮಾರ್ಕರ್‌ನಲ್ಲಿ ಮೂರು ಸಾಲು ಬರೆದಿದ್ದರು. ಮೂವತ್ತು ಸಾವಿರದ ನೂರು ಇಂಟು ಹತ್ತು, 3,01,000. ಅದರ ಕೆಳಗೆ ಹತ್ತೊಂಬತ್ತು ಸಾವಿರ ಇಂಟು ಒಂಬತ್ತು, 1,71,000. ಗೆರೆ ಎಳೆದು ಕಳೆದಿದ್ದರು. "ಹೊಸ ಸರ್‌ಗೆ ಒಂದು ಲಕ್ಷದ ಮೂವತ್ತು ಸಾವಿರ ಅಲ್ಲವೇ ಅಣ್ಣ?" ಎಂದರು. ಆ ಸಂಬಳದ ಪತ್ರವನ್ನು ನಾನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬೀಗ ತೆಗೆಯದೆಯೇ ಅಕ್ಕ ಅದನ್ನು ಓದಿದ್ದರು.

ಸಣ್ಣ ತಂಡದಲ್ಲಿ ಸರಾಸರಿಯ ದೊಡ್ಡ ಅಪಾಯ ಇದು. ಸರಾಸರಿಯನ್ನು ಜನರ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಹಾಗೆಯೇ ಮರಳಿ ಸಿಗುತ್ತದೆ. ಒಬ್ಬರು ಸೇರುವ ಮೊದಲಿನ ಸರಾಸರಿಯನ್ನೂ ಸೇರಿದ ನಂತರದ್ದನ್ನೂ ಒಟ್ಟಿಗೆ ಹೇಳುವುದೆಂದರೆ ಆ ಒಬ್ಬರ ಸಂಬಳವನ್ನು ಬಾಯಿಬಿಟ್ಟು ಹೇಳಿದಂತೆ. ಮಧ್ಯಾಂಕ 17,000ದಿಂದ 18,000ಕ್ಕೆ ಹೋಯಿತು ಎಂದಿದ್ದರೆ, ಹೊಸಬರಿಗೆ 19,000ಕ್ಕೆ ಕಡಿಮೆಯಿಲ್ಲ ಎಂಬುದಷ್ಟೇ ತಿಳಿಯುತ್ತಿತ್ತು. ಅದೂ ಎಲ್ಲರ ಸಂಬಳ ಬಲ್ಲವರಿಗೆ. ಸಂಬಳವನ್ನು ಗುಟ್ಟಾಗಿಡಬೇಕೇ ಬೇಡವೇ ಎಂಬುದು ಬೇರೆ ಮಾತು. ಗುಟ್ಟಾಗಿಡುತ್ತೇವೆ ಎಂದು ಹೊಸಬರಿಗೆ ಮಾತು ಕೊಟ್ಟ ಮೇಲೆ ಚಿಕ್ಕ ತಂಡದ ಸರಾಸರಿಯನ್ನು ಹೀಗೆ ಓದಬಾರದಿತ್ತು.

ಇಷ್ಟರಲ್ಲಿ ನಾನು ಪೂರ್ತಿ ಮಧ್ಯಾಂಕದ ಕಡೆ ವಾಲಿದ್ದೆ. ಹಣ ಹೊಂದಿಸುವ ಕೆಲಸ ಬಂದಾಗ ಆ ವಾಲು ನಿಂತಿತು. ಕೊಯ್ಲಿನ ಕಾಲದಲ್ಲಿ ಬೀಜ ಖರೀದಿಗೆ ಹಣ ಹೋಗುವುದರಿಂದ ಸಂಬಳಕ್ಕೆಂದು ಬ್ಯಾಂಕಿನಲ್ಲಿ ಮೊದಲೇ ಮೊತ್ತ ತೆಗೆದಿಡುತ್ತೇವೆ. ಮಧ್ಯಾಂಕವನ್ನು ಹತ್ತರಿಂದ ಗುಣಿಸಿ ನೋಡಿದೆ: 1,80,000. ಕೊಡಬೇಕಾದದ್ದು 3,01,000. ತಿಂಗಳಿಗೆ 1,21,000 ರೂಪಾಯಿ ಕೊರತೆ. ಪ್ಯಾಕಿಂಗ್ ಅಕ್ಕನಿಗೆ ಗುಟ್ಟು ಬಿಟ್ಟುಕೊಟ್ಟ ಅದೇ ಗುಣ ಇಲ್ಲಿ ಸರಾಸರಿಯ ಬಲ, ಗುಣಿಸಿದರೆ ಅದು ಒಟ್ಟು ಮೊತ್ತವನ್ನು ಒಂದು ಪೈಸೆ ತಪ್ಪದೆ ಮರಳಿ ಕೊಡುತ್ತದೆ. ಖರ್ಚಿನ ಅಂದಾಜಿಗೆ ಸರಾಸರಿಯೇ ಸರಿ, ಮಧ್ಯಾಂಕಕ್ಕೆ ಅಲ್ಲಿ ಕೆಲಸವಿಲ್ಲ. ಆದರೆ ಪ್ಯಾಕಿಂಗ್‌ಗೆ ಇನ್ನಿಬ್ಬರನ್ನು ತೆಗೆದುಕೊಂಡರೆ ಎಷ್ಟಾಗುತ್ತದೆ ಎಂದು ಮಾಲೀಕರು ಕೇಳಿದಾಗ ಎರಡನ್ನೂ ಬದಿಗಿಟ್ಟೆ. ಸರಾಸರಿಯ ಪ್ರಕಾರ 60,200, ಮಧ್ಯಾಂಕದ ಪ್ರಕಾರ 36,000. ನಿಜವಾಗಿ ಆ ಕೆಲಸಕ್ಕೆ ಕೊಡುವ 15,500ರಂತೆ 31,000.

ಲೆಕ್ಕದ ಹಾಳೆಯಲ್ಲಿ ಎರಡಕ್ಕೂ ಒಂದೊಂದು ಸೂತ್ರ ಸಾಕು. ಸಂಬಳಗಳು B2ರಿಂದ B11ರವರೆಗೆ ಇದ್ದರೆ ಹೀಗೆ:

```
=AVERAGE(B2:B11)
=MEDIAN(B2:B11)
```

ಫೆಬ್ರವರಿಯಲ್ಲಿ ಕೈತಪ್ಪಿ ಎರಡರಲ್ಲೂ B12 ಎಂದು ಬರೆದೆ. ಅಲ್ಲಿದ್ದದ್ದು ಒಟ್ಟು ಮೊತ್ತ. ಸರಾಸರಿ 54,727 ಎಂದು ತೋರಿಸಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಮಧ್ಯಾಂಕ ಮಾತ್ರ 19,000 ಎಂದು ತೋರಿಸುತ್ತಿತ್ತು, ನಂಬಬಹುದಾದ ಅಂಕಿಯೇ. ಸರಾಸರಿ ಪಕ್ಕದಲ್ಲಿ ಇಲ್ಲದಿದ್ದರೆ ಆ ತಪ್ಪು ಹಾಳೆಯಲ್ಲೇ ಉಳಿಯುತ್ತಿತ್ತು. ದೂರದ ಅಂಕಿಗೆ ಬಗ್ಗದಿರುವುದು ಮಧ್ಯಾಂಕದ ಒಳ್ಳೆಯ ಗುಣವಾದರೂ, ದೂರದ ಅಂಕಿ ತಪ್ಪಿನಿಂದ ಬಂದಾಗಲೂ ಅದು ಬಗ್ಗುವುದಿಲ್ಲ. ಅಂದಿನಿಂದ ಎರಡನ್ನೂ ನೋಡದೆ ಹಾಳೆಯನ್ನು ಮುಚ್ಚುವುದಿಲ್ಲ.

ಮಧ್ಯಾಂಕ ನನ್ನನ್ನು ಹೆಚ್ಚು ಕಾಡಿದ್ದು ಏಪ್ರಿಲ್‌ನಲ್ಲಿ. ಕೆಳಗಿನ ನಾಲ್ವರಿಗೆ, ಅಂದರೆ ಬೀಜ ಆರಿಸುವವರಿಗೂ ಪ್ಯಾಕಿಂಗ್‌ನವರಿಗೂ, ತಲಾ 1,000 ರೂಪಾಯಿ ಏರಿಸುವಂತೆ ಮಾಲೀಕರನ್ನು ಒಪ್ಪಿಸಿದ್ದೆ. ಆ ಮನೆಗಳಿಗೆ ಅದು ಗ್ಯಾಸ್ ಸಿಲಿಂಡರ್‌ನ ಖರ್ಚು ಹೊರುವ ದುಡ್ಡು. ಹಾಳೆಯಲ್ಲಿ ತಿದ್ದಿದೆ. 16,000, 16,000, 16,500, 17,000. ಮಧ್ಯಾಂಕ 18,000ದಿಂದ ಕದಲಲೇ ಇಲ್ಲ. ಐದನೆಯವರೂ ಆರನೆಯವರೂ ಇದ್ದಲ್ಲೇ ಇದ್ದರಲ್ಲ. ಸರಾಸರಿ 30,100ರಿಂದ 30,500ಕ್ಕೆ ಹೋಗಿ, ಏನೋ ಆಗಿದೆ ಎಂಬುದನ್ನಾದರೂ ಹೇಳಿತು. ಆ ನಾಲ್ವರ ಸಂಬಳವನ್ನು ಕಡಿತ ಮಾಡಿದ್ದರೂ ಮಧ್ಯಾಂಕ ಹೀಗೆಯೇ ಸುಮ್ಮನಿರುತ್ತಿತ್ತು ಎಂಬುದು ಹೊಳೆದಾಗ ನಿಜಕ್ಕೂ ಹೆದರಿಕೆಯಾಯಿತು. ಹೊಸಬರ ದೊಡ್ಡ ಸಂಬಳದ ಆಟದಿಂದ ನಮ್ಮನ್ನು ಕಾಪಾಡುವ ಅಂಕಿಯೇ, ಕಡಿಮೆ ಸಂಬಳದವರ ಕಷ್ಟಸುಖವನ್ನೂ ಕಾಣದೆ ಹೋಗುತ್ತದೆ.

ಹಾಗಾಗಿ ಈ ಸಲದ ಆಯುಧ ಪೂಜೆಗೆ ಚೀಟಿಯನ್ನು ಬೇರೆ ರೀತಿ ಬರೆದೆ. ಒಟ್ಟು ಸಂಬಳವೂ ಸರಾಸರಿಯೂ ಮಾಲೀಕರ ಖರ್ಚಿನ ಪುಸ್ತಕದಲ್ಲೇ ಉಳಿದವು. ಎಲ್ಲರೆದುರು ಓದುವುದಕ್ಕೆ ಹಳೆಯ ಒಂಬತ್ತು ಜನರ ಮಧ್ಯಾಂಕ ಬರೆದೆ. ಹಾಳೆಯಲ್ಲಿ ಹೊಸ ಸಾಲು ಅದೇ 17,000ವನ್ನು ತೋರಿಸಿತು. ಅದಷ್ಟನ್ನೇ ಓದಿದರೆ ನಾಲ್ವರಿಗೆ ಸಿಕ್ಕಿದ್ದು ಮತ್ತೆ ಮರೆಯಾಗುತ್ತದೆ. ಅದಕ್ಕೇ ಸಂಬಳದ ಬದಲು ಏರಿಕೆಗಳನ್ನೇ ಸಾಲಾಗಿ ಬರೆದೆ. ಐದು ಕಡೆ ಸೊನ್ನೆ, ನಾಲ್ಕು ಕಡೆ 1,000. ಆ ಸಾಲಿನ ಸರಾಸರಿ ಸುಮಾರು 444 ರೂಪಾಯಿ. ಮಧ್ಯಾಂಕ ಸೊನ್ನೆ.

ಮಾಲೀಕರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಓದಿದರು. "ನಾಲ್ವರಿಗೆ ತಲಾ ಸಾವಿರ ಏರಿದೆ. ಐವರಿಗೆ ಏರಿಲ್ಲ." ಸ್ವಲ್ಪ ಹೊತ್ತು ಚೀಟಿಯನ್ನೇ ನೋಡುತ್ತ ನಿಂತರು. ಆಮೇಲೆ ಹುರಿಯುವ ಹಿರಿಯರ ಕಡೆ ತಿರುಗಿ, "ನಿಮ್ಮ ಐದು ಜನರ ವಿಷಯ ದೀಪಾವಳಿಯ ಒಳಗೆ ಕೂತು ಮಾತಾಡೋಣ" ಎಂದರು. ಹೊಸ ಏರಿಕೆಗಳಿಗೆಂದು ಹಾಳೆಯಲ್ಲಿ C ಕಂಬವನ್ನು ಖಾಲಿ ಬಿಟ್ಟಿದ್ದೇನೆ.