ಎಂವಿಸಿ ನೋಟಿಸು ಬಂದಾಗ ‘ಕಂಪನಿ ನೋಡ್ಕೊಳ್ಳುತ್ತೆ’ ಅಂತ ಕೂರಬೇಡಿ

ನಮ್ಮ ಭಾವನ ಗೂಡ್ಸ್ ಗಾಡಿ ಬೈಕಿಗೆ ತಾಗಿ ಸವಾರನ ಕಾಲು ಮುರಿದಿತ್ತು. ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರ ಕೇಸಿನ ನೋಟಿಸು ಬಂದಾಗ ಪಾಲಿಸಿ ಮಾಡಿಸಿದ ಏಜೆಂಟ್, ‘ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಕಂಪನಿ ವಕೀಲರೇ ನೋಡ್ಕೋತಾರೆ, ನೀವ್ಯಾಕೆ ಅಲೀತೀರಿ’ ಅಂದ. ಭಾವ ಹೋಗಲಿಲ್ಲ. ಕೋರ್ಟು ಎಕ್ಸ್‌ಪಾರ್ಟಿ ಮಾಡಿ, ಅವರಿಲ್ಲದೆಯೇ ಕೇಸು ಮುಂದುವರಿಸಿತು.

ಕಂಪನಿ ವಕೀಲರು ನೋಡಿಕೊಂಡದ್ದು ಕಂಪನಿಯನ್ನು. ಅಪಘಾತದ ದಿನ ಡ್ರೈವರ್ ಕೈಲಿ ಡಿಎಲ್ ಇರಲಿಲ್ಲ, ಪೊಲೀಸರು ಚಾರ್ಜ್‌ಶೀಟಿನಲ್ಲಿ ಲೈಸೆನ್ಸ್ ಇಲ್ಲದ ಆರೋಪವನ್ನೂ (ಮೋಟಾರು ವಾಹನ ಕಾಯ್ದೆಯ ಕಲಂ 181) ಸೇರಿಸಿಬಿಟ್ಟಿದ್ದರು. ವಕೀಲರು ಅದನ್ನೇ ಹಿಡಿದರು. ‘ಡಿಎಲ್ ಹಾಜರುಪಡಿಸಿ’ ಅಂತ ಭಾವನಿಗೆ ರಿಜಿಸ್ಟರ್ಡ್ ಪತ್ರ ಹಾಕಿ, ಉತ್ತರ ಬಾರದಿದ್ದಾಗ ಅದರ ನಕಲನ್ನೂ ಕೋರ್ಟಿಗೆ ಕೊಟ್ಟರು. ಪಾಲಿಸಿಯ ಷರತ್ತು ಮುರಿದಿದ್ದನ್ನು ಸಾಬೀತು ಮಾಡಬೇಕಾದ್ದು ಕಂಪನಿಯೇ ನಿಜ. ಆದರೆ ಎದುರು ಮಾತಾಡುವವರೇ ಇಲ್ಲದಿದ್ದರೆ ಎಷ್ಟು ಹೊತ್ತಿನ ಕೆಲಸ? ಚಾಲ್ತಿಯಲ್ಲಿದ್ದ ಡಿಎಲ್ ಡ್ರೈವರ್ ಮನೆಯಲ್ಲೇ ಇತ್ತು. ತೀರ್ಪು ಹೀಗೆ ಬಂತು: 4.8 ಲಕ್ಷ ಮತ್ತು ಬಡ್ಡಿಯನ್ನು ಕಂಪನಿ ಮೊದಲು ಕಟ್ಟಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ಅದಕ್ಕೆ ಬೇರೆ ದಾವೆಯೂ ಬೇಡ, ಅದೇ ಕೋರ್ಟಿನಲ್ಲಿ ತೀರ್ಪು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಸಾಕು.

ನೋಟಿಸು ಕೈಗೆ ಬಂದ ವಾರದೊಳಗೇ ಪಾಲಿಸಿ ಕೊಟ್ಟ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಬರವಣಿಗೆಯಲ್ಲೇ ತಿಳಿಸಬೇಕು ಅಂತ ಪಾಲಿಸಿಯ ಷರತ್ತಿನಲ್ಲಿದೆ, ಏಜೆಂಟ್‌ಗೆ ಮಾಡಿದ ಫೋನು ಲೆಕ್ಕಕ್ಕಿಲ್ಲ. ಒಕ್ಕಣೆ ಉದ್ದ ಬೇಡ:

‘ಎಂವಿಸಿ ನಂ. … ರಲ್ಲಿ ನನಗೆ ನೋಟಿಸು ಬಂದಿದೆ, ಹಾಜರಾತಿ ದಿನಾಂಕ … . ವಾಹನ ಸಂಖ್ಯೆ …, ಪಾಲಿಸಿ ಸಂಖ್ಯೆ …, ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತು. ನೋಟಿಸು, ಅರ್ಜಿಯ ಪ್ರತಿ, ಆರ್‌ಸಿ, ಡ್ರೈವರ್ ಡಿಎಲ್, ಪರ್ಮಿಟ್, ಎಫ್‌ಸಿ ಪ್ರತಿಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ನನ್ನ ಪರವಾಗಿಯೂ ಕೇಸು ನಡೆಸಬೇಕು. ನನ್ನ ವಿರುದ್ಧ ಯಾವುದೇ ತಕರಾರು ಎತ್ತುವುದಿದ್ದರೆ ಹಾಜರಾತಿ ದಿನಾಂಕಕ್ಕೆ ಮೊದಲೇ ಲಿಖಿತವಾಗಿ ತಿಳಿಸಬೇಕು.’

‘ತಪ್ಪು ನಮ್ಮ ಡ್ರೈವರ್‌ದೇ’ ಅಂತ ಮಾತ್ರ ಬರೆಯಬೇಡಿ. ಅದೇ ಪತ್ರ ನಾಳೆ ಕೋರ್ಟಿನಲ್ಲಿ ನಿಮ್ಮ ಎದುರಿಗೇ ಬರಬಹುದು. ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.

ಪತ್ರ ಹಾಕಿದ ಮೇಲೂ ಹಾಜರಾತಿ ತಪ್ಪಿಸುವಂತಿಲ್ಲ. ಕಂಪನಿ ನಿಮ್ಮಿಂದ ವಕಾಲತ್ತಿಗೆ ಸಹಿ ಪಡೆದಿಲ್ಲ ಅಂದರೆ ಕೋರ್ಟಿನಲ್ಲಿ ನಿಮ್ಮ ಪರ ಯಾರೂ ಇಲ್ಲ ಅಂತಲೇ ಅರ್ಥ. ಡಿಎಲ್, ಪರ್ಮಿಟ್ ಬಗ್ಗೆ ಅವರು ತಕರಾರು ಎತ್ತಿದರಂತೂ ಅದೇ ವಕೀಲರು ನಿಮ್ಮ ಪರ ನಿಲ್ಲಲಾರರು. ಆಗ ಸ್ವಂತ ವಕೀಲರನ್ನಿಟ್ಟು, ನಿಮ್ಮದೇ ಆಕ್ಷೇಪಣೆಯ ಜೊತೆ ಡಿಎಲ್ ಮತ್ತು ಈ ಪತ್ರದ ನಕಲನ್ನು ಹಾಜರುಪಡಿಸಿ. ಭಾವ ಈಗ ಎಕ್ಸ್‌ಪಾರ್ಟಿ ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕಿದ್ದಾರೆ. ತಡ ಯಾಕಾಯಿತು ಅಂತ ಜಡ್ಜು ಕೇಳಿದರೆ ಏಜೆಂಟ್ ಮಾತು ಬಿಟ್ಟು ಹೇಳೋಕೆ ಬೇರೇನೂ ಇಲ್ಲ, ಆ ಮಾತಿಗೂ ದಾಖಲೆಯಿಲ್ಲ.